ಹನಿಯ ಕಥೆಗೆ ನಾನು ಹಾಕಿದ ರುಜು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜಯನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಯಾವ ತಿಂಗಳು ಯಾವ ಪಾಠ, ಯಾವ ಪಾಠಕ್ಕೆ ಯಾವ ಪ್ರಯೋಗ ಎಂಬುದೆಲ್ಲ ಬಾಯಿಪಾಠವಾಗಿತ್ತು. ಜಲಚಕ್ರದ ಪಾಠಕ್ಕೆ ಸೀಮೆಎಣ್ಣೆ ಸ್ಟವ್, ಒಂದು ಕೆಟಲ್, ಒಂದು ಸ್ಟೀಲ್ ತಟ್ಟೆ. ಕೆಟಲ್‌ನಲ್ಲಿ ನೀರು ಕುದಿಸಿ, ಮೂತಿಯ ಎದುರಿಗೆ ತಣ್ಣಗಿನ ತಟ್ಟೆ ಹಿಡಿದರೆ ತಟ್ಟೆಯ ಮೇಲೆ ಹನಿಗಳು ಕೂಡಿ ತೊಟ್ಟಿಕ್ಕುತ್ತವೆ. ಕೆಟಲ್ ಸಮುದ್ರ, ತಟ್ಟೆ ಮೋಡ, ತೊಟ್ಟಿಕ್ಕುವುದು ಮಳೆ. ಬಾಷ್ಪೀಕರಣ, ಸಾಂದ್ರೀಕರಣ ಎಂದು ಬೋರ್ಡಿನ ಮೇಲೆ ಬರೆಸಿ, ಬಾಣದ ಗುರುತು ಹಾಕಿ ಚಿತ್ರ ಬರೆಸಿದರೆ ಪಾಠ ಮುಗಿಯಿತು. ಮಕ್ಕಳು ಗಲಾಟೆಯಿಲ್ಲದೆ ಬರೆದುಕೊಳ್ಳುತ್ತಿದ್ದರು. ಗಲಾಟೆಯಿಲ್ಲ ಅಂದರೆ ಅರ್ಥವಾಗಿದೆ ಎಂದು ನಾನು ತಿಳಿದಿದ್ದೆ.

ಆ ವರ್ಷ ಜೂನ್‌ನಲ್ಲಿ ಕನ್ನಡಕ್ಕೆ ಹೊಸ ಮಿಸ್ ಬಂದರು. ನನಗಿಂತ ಎಂಟು ವರ್ಷ ಚಿಕ್ಕವರು. ಚಿಕ್ಕಲಸಂದ್ರದ ಒಕ್ಕಲು ಮನೆತನದವರು. ಮನೆಯಲ್ಲಿ ಆಗಲೂ ರಾಗಿ ಬೆಳೆಯುತ್ತಿದ್ದರು, ಎರಡು ಎಮ್ಮೆ ಇದ್ದವು. ಬೆಳಗ್ಗೆ ಹೊಲದ ಬದುವಿನಲ್ಲಿ ನಡೆದು ಬಂದು, ಬನಶಂಕರಿಯಲ್ಲಿ ಬಸ್ಸು ಹಿಡಿದು ಶಾಲೆಗೆ ಬರುತ್ತಿದ್ದರು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬಂದು ಶಾಲೆಯ ನಲ್ಲಿಯಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದರು. ಒಳಗೆ ಕಾಲಿಡುವ ಮೊದಲೇ ಅವರ ಸುತ್ತ ನಾಲ್ಕು ಹುಡುಗಿಯರು.

ಹೊಟ್ಟೆಕಿಚ್ಚು ಶುರುವಾದದ್ದು ಆ ನಲ್ಲಿಯ ಹತ್ತಿರವೇ ಇರಬೇಕು. ಒಂಬತ್ತು ವರ್ಷದಲ್ಲಿ ಒಂದು ಮಗುವೂ ನಾನು ಬರುವುದನ್ನು ಕಾದು ನಿಂತದ್ದಿಲ್ಲ. ನನ್ನನ್ನು ಕಂಡರೆ ಸಾಲು ನೆಟ್ಟಗಾಗುತ್ತಿತ್ತು, ಅಷ್ಟೇ. ಅದನ್ನೇ ಗೌರವ ಎಂದುಕೊಂಡು ಸಂತೋಷವಾಗಿದ್ದವಳಿಗೆ, ಪಕ್ಕದ ಕೋಣೆಯಿಂದ ನಗು ಕೇಳಿಸತೊಡಗಿದ ಮೇಲೆ ಆ ಗೌರವ ಸಪ್ಪೆ ಎನಿಸಿತು.

ನನ್ನ ಮಗಳೂ ಅದೇ ಶಾಲೆಯ ಏಳನೇ ತರಗತಿಯಲ್ಲಿದ್ದಳು. ಶಾಲೆಯಲ್ಲಿ ನನ್ನನ್ನು ಮಿಸ್ ಎನ್ನಬೇಕು, ಮನೆಯಲ್ಲಿ ಅಮ್ಮ ಎನ್ನಬೇಕು ಎಂದು ನಾನೇ ನಿಯಮ ಮಾಡಿದ್ದೆ. ಆ ವರ್ಷ ಅವಳು ಮನೆಯಲ್ಲಿ ಕೂಡ ‘ಮಿಸ್’ ಎನ್ನಲು ಶುರು ಮಾಡಿದಳು. ಅದು ನಾನಲ್ಲ. ಮಿಸ್ ಹೀಗೆ ಹೇಳಿದ್ರು, ಮಿಸ್ ಹಾಗೆ ಜಡೆ ಹಾಕ್ಕೋತಾರೆ, ಮಿಸ್ ಊರಲ್ಲಿ ಕೆರೆ ಇದೆಯಂತೆ. ಹುರುಳಿಕಾಯಿ ಹೆಚ್ಚುತ್ತಾ ಕೂತು ಇದನ್ನೆಲ್ಲ ಕೇಳುವಾಗ ಕಾಯಿ ಸಣ್ಣ ಸಣ್ಣಗಾಗುತ್ತಾ ಹೋಗುತ್ತಿತ್ತು.

ಆಗಸ್ಟ್‌ನಲ್ಲಿ ನಮ್ಮ ಹೆಡ್‌ಮಿಸ್ ಒಂದು ಏರ್ಪಾಡು ಮಾಡಿದರು. ಪ್ರತಿ ತಿಂಗಳು ಗೋಡೆ ಪತ್ರಿಕೆಯಲ್ಲಿ ಒಂದು ಪಾಠ ಕಥೆಯಾಗಿ ಬರಬೇಕು. ಬರೆಯುವುದು ಕನ್ನಡದ ಮಿಸ್, ವಿಷಯ ಕೊಡುವುದು ಆಯಾ ಪಾಠದವರು. ಮೊದಲಿಗೆ ವಿಜ್ಞಾನ, ಅದರಲ್ಲೂ ಜಲಚಕ್ರ. ಕನ್ನಡದ ಮಿಸ್ ನನ್ನ ಹತ್ತಿರ ಬಂದು, ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಬಹುದೇ ಎಂದು ಕೇಳಿದರು. ವಿಜ್ಞಾನ ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ, ಅದೂ ಮರೆತುಹೋಗಿದೆ ಎಂದರು. ಆಗಲಿ ಎಂದೆ. ಬಂದು ಕೂತರು. ನಾನು ಸ್ಟವ್ ಹಚ್ಚಿದೆ, ತಟ್ಟೆ ಹಿಡಿದೆ, ಹನಿ ಬೀಳಿಸಿದೆ. ಅವರು ಮಕ್ಕಳಿಗಿಂತ ಹೆಚ್ಚು ಗಮನ ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ನಾಲ್ಕು ದಿನದಲ್ಲಿ ಕಥೆ ತಯಾರಾಯಿತು. ಚಿಕ್ಕಲಸಂದ್ರದ ಕೆರೆಯ ಒಂದು ಹನಿ ತಾನೇ ಮಾತಾಡುವ ಕಥೆ. ಎಮ್ಮೆಗಳು ಮೈ ತೊಳೆಸಿಕೊಳ್ಳುವಾಗ ಈ ಹನಿ ಒಂದು ಎಮ್ಮೆಯ ಕಿವಿಯೊಳಗೆ ಸಿಕ್ಕಿಕೊಂಡು, ಅದು ತಲೆ ಒದರಿದಾಗ ದಡಕ್ಕೆ ಬಂದು ಬೀಳುತ್ತದೆ. ತಿರುಗಿ ಕೆರೆ ಸೇರಲು ಒದ್ದಾಡುತ್ತದೆ. ಆಮೇಲೆ ಬಿಸಿಲೇರಿ, ಆಕಾಶಕ್ಕೆ ಹೋಗಿ, ಮೋಡವಾಗಿ, ಬನಶಂಕರಿಯ ಮೇಲೆ ತೇಲಿ ಜಯನಗರದ ಮೇಲೆ ಮಳೆಯಾಗಿ ಸುರಿಯುತ್ತದೆ. ಒಬ್ಬ ಹುಡುಗಿಯ ಕೊಡೆಯ ಅಂಚಿನಿಂದ ಅವಳ ಮೂಗಿನ ತುದಿಗೆ ಜಾರುತ್ತದೆ. ಓದುತ್ತಾ ನನಗೇ ನಗು ಬಂತು. ಬಂದ ನಗುವನ್ನು ತಡೆದೆ.

ಹೆಡ್‌ಮಿಸ್ ಆ ಹಾಳೆಗಳನ್ನು ನನಗೆ ಕೊಟ್ಟು, ವಿಜ್ಞಾನದ ತಪ್ಪು ಇದ್ದರೆ ತಿದ್ದಿ ಕೊಡಿ ಎಂದಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಕೆಂಪು ಪೆನ್ನು ತೆರೆದು ಕೂತೆ. ಎರಡನೇ ಹಾಳೆಯಲ್ಲಿ ಸಿಕ್ಕಿತು: ‘ಏಪ್ರಿಲ್ ಬಿಸಿಲಿಗೆ ಕೆರೆ ಅನ್ನದ ಎಸರಿನ ಹಾಗೆ ಕೊತಕೊತ ಕುದಿಯಿತು. ನಾನೂ ಕುದ್ದೆ. ಕುದ್ದು ಹಬೆಯಾದೆ.’

ಯಾವ ಕೆರೆಯೂ ಬಿಸಿಲಿಗೆ ಕುದಿಯುವುದಿಲ್ಲ. ನೀರು ಆವಿಯಾಗಲು ಕುದಿಯಬೇಕಾಗಿಯೂ ಇಲ್ಲ. ಮೇಲ್ಮೈಯಿಂದ ಸದಾ ಸದ್ದಿಲ್ಲದೆ ಆವಿಯಾಗುತ್ತಲೇ ಇರುತ್ತದೆ. ನೀರು ಬಿಸಿಯಾದಷ್ಟೂ, ಗಾಳಿ ಒಣಗಿದ್ದಷ್ಟೂ, ಬೀಸಿದಷ್ಟೂ ಬೇಗ. ಕುದಿಯುವಾಗ ಮಾತ್ರ ಒಳಗಿನಿಂದಲೂ ಗುಳ್ಳೆಯಾಗಿ ಏಳುತ್ತದೆ. ಇದು ನನಗೆ ಗೊತ್ತಿತ್ತು. ಒಂದು ಗೆರೆ ಎಳೆದು, ಪಕ್ಕದಲ್ಲಿ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಹೊರಗೆ ಜಗಲಿಯ ಮೇಲೆ ಅವರು ನಾಲ್ಕಾರು ಮಕ್ಕಳಿಗೆ ಎಮ್ಮೆಯ ಕಿವಿಯ ಭಾಗವನ್ನು ಹೇಳುತ್ತಿದ್ದುದು ಕೇಳಿಸಿತು. ನನ್ನ ಮಗಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಹಿಂದಿನ ದಿನ ತಾನೆ ಅವಳು ಊಟಕ್ಕೆ ಕೂತಾಗ, ನೀನು ಯಾಕಮ್ಮ ಪಾಠಾನ ಹೀಗೆ ಹೇಳಲ್ಲ ಎಂದು ಕೇಳಿದ್ದಳು. ಕೊಂಕು ಮಾತಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ಅದಕ್ಕೇ ಹೆಚ್ಚು ಉರಿದಿತ್ತು.

ನಾನು ಕೆಂಪು ಪೆನ್ನು ಮುಚ್ಚಿ ನೀಲಿ ಪೆನ್ನು ತೆಗೆದುಕೊಂಡೆ. ಕೊನೆಯ ಹಾಳೆಯ ಕೆಳಗೆ ‘ವಿಜ್ಞಾನದ ದೃಷ್ಟಿಯಿಂದ ಸರಿಯಿದೆ’ ಎಂದು ಬರೆದು ರುಜು ಹಾಕಿದೆ. ಎಂದಾದರೂ ಯಾರಾದರೂ ಕಂಡುಹಿಡಿಯಲಿ, ಆ ನಗು ಆಗ ನಿಲ್ಲಲಿ ಎಂಬ ಆಸೆ ನನ್ನಲ್ಲಿ ಸ್ಪಷ್ಟವಾಗಿತ್ತು. ರುಜು ಹಾಕಿದರೆ ತಪ್ಪು ನನ್ನದೂ ಆಗುತ್ತದೆ ಎಂಬುದು ಹೊಳೆಯಲಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ದೂರ ನೋಡುವ ಕಣ್ಣಿರುವುದಿಲ್ಲ.

ಕಥೆ ಗೋಡೆ ಪತ್ರಿಕೆಯಲ್ಲಿ ಬಂತು. ಡ್ರಾಯಿಂಗ್ ಮೇಷ್ಟ್ರು ಎಮ್ಮೆಯ ಚಿತ್ರ ಬರೆದುಕೊಟ್ಟರು. ಎರಡನೇ ತರಗತಿಯ ಚಿಕ್ಕ ಮಕ್ಕಳು ಕೂಡ ಬೆಲ್ ಹೊಡೆದ ಮೇಲೂ ಅಲ್ಲೇ ನಿಂತು ಅಕ್ಷರ ಕೂಡಿಸಿ ಓದುತ್ತಿದ್ದರು. ಪೋಷಕರೊಬ್ಬರು ಬಂದು ನಕಲು ಮಾಡಿಕೊಂಡು ಹೋದರಂತೆ. ಹೆಡ್‌ಮಿಸ್ ಇದನ್ನು ಸಭೆಯಲ್ಲಿ ಹೇಳಿದಾಗ ಕನ್ನಡದ ಮಿಸ್ ಎದ್ದು, ವಿಜ್ಞಾನದ ಮಿಸ್ ಪಾಠ ತೋರಿಸದಿದ್ದರೆ ತನಗೆ ಬರೆಯಲು ಆಗುತ್ತಿರಲಿಲ್ಲ ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಸೆರಗು ಸರಿಮಾಡಿಕೊಂಡೆ.

ಅಕ್ಟೋಬರ್ ರಜೆ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದರು. ವಯಸ್ಸಾದವರು, ಮೆದುಮಾತಿನವರು. ಆದರೆ ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಕೇಳುತ್ತಾರೆಂದು ಎಲ್ಲ ಶಾಲೆಗಳಲ್ಲೂ ಅವರಿಗೆ ಹೆದರುತ್ತಿದ್ದರು. ನನ್ನ ಏಳನೇ ತರಗತಿಗೆ ಬಂದು ಕುರ್ಚಿಯಲ್ಲಿ ಕೂತರು. ಬಾಗಿಲ ಬಳಿ ಹೆಡ್‌ಮಿಸ್, ಅವರ ಹಿಂದೆ ಮುಂದಿನ ಪೀರಿಯಡ್‌ಗೆ ಕಾಯುತ್ತಿದ್ದ ಕನ್ನಡದ ಮಿಸ್. ಜಲಚಕ್ರ ಆಯಿತೇ ಎಂದು ನನ್ನನ್ನು ಕೇಳಿ, ಆಯಿತು ಎಂದ ಮೇಲೆ ಮಕ್ಕಳ ಕಡೆ ತಿರುಗಿದರು.

“ಒದ್ದೆ ಬಟ್ಟೆ ಹಗ್ಗದ ಮೇಲೆ ಹಾಕ್ತೀರಿ. ಸಾಯಂಕಾಲದ ಹೊತ್ತಿಗೆ ಒಣಗಿರುತ್ತೆ. ಹೇಗೆ ಒಣಗುತ್ತೆ?”

ಆರೇಳು ಕೈ ಎದ್ದವು. ಅವರು ಮೂರನೇ ಬೆಂಚಿನ ಹುಡುಗಿಯನ್ನು ಎಬ್ಬಿಸಿದರು. ಅವಳು ನನ್ನ ಮಗಳೆಂದು ಅವರಿಗೆ ಗೊತ್ತಿರಲಿಲ್ಲ.

“ಬಟ್ಟೆಯೊಳಗಿನ ನೀರು ಬಿಸಿಲಿಗೆ ಕುದಿಯುತ್ತೆ ಸಾರ್. ಕುದ್ದು ಹಬೆಯಾಗಿ ಮೇಲೆ ಹೋಗುತ್ತೆ.”

“ನಿಮ್ಮಮ್ಮ ಒಣಹಾಕಿದ ಸೀರೇನ ಯಾವಾಗಾದರೂ ಮುಟ್ಟಿ ನೋಡಿದ್ದೀಯಾ ಮಗೂ? ಕೈಗೆ ಬೊಬ್ಬೆ ಬರುತ್ತಾ?”

ತರಗತಿ ಒಂದೇ ಸಲ ನಕ್ಕಿತು. ಮಗಳು ಕೆಂಪಾದಳು. ಆದರೂ ಕೂರಲಿಲ್ಲ. ಕಥೇಲಿ ಹಾಗೇ ಇದೆ ಸಾರ್, ಕೆರೆ ಕುದಿಯಿತು ಅಂತ ಇದೆ ಎಂದಳು. ಹೇಳುತ್ತಾ ನನ್ನ ಕಡೆ ನೋಡಿದಳು. ನಾನು ಬೋರ್ಡಿನ ಕಡೆ ನೋಡಿದೆ.

ಯಾವ ಕಥೆ ಎಂದು ಅವರು ಕೇಳಿದರು. ಎಲ್ಲರೂ ಗೋಡೆ ಪತ್ರಿಕೆಯ ಮುಂದೆ ಹೋಗಿ ನಿಂತೆವು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎಮ್ಮೆಯ ಕಿವಿಯ ಹತ್ತಿರ ನಕ್ಕರು. ಕುದಿಯುವ ಕೆರೆಯ ಹತ್ತಿರ ಬೆರಳಿಟ್ಟು, ಇದನ್ನು ಬರೆದವರು ಯಾರು ಎಂದರು.

ಕನ್ನಡದ ಮಿಸ್ ಮುಂದೆ ಬಂದರು. ನಾನೇ ಬರೆದದ್ದು, ತಪ್ಪು ನನ್ನದು, ನನಗೆ ತಿಳಿದಿರಲಿಲ್ಲ ಎಂದರು. ನಾನು ರುಜು ಹಾಕಿದ ಮೂಲ ಹಾಳೆಗಳು ಅವರ ಕೈಯಲ್ಲಿದ್ದ ಫೈಲಿನಲ್ಲೇ ಇದ್ದವು. ಫೈಲ್ ತೆರೆಯಲಿಲ್ಲ. ಹೆಡ್‌ಮಿಸ್ ನನ್ನ ಕಡೆ ತಿರುಗಿ, ನೀವು ನೋಡಿದ್ದಿರಲ್ಲ ಎಂದರು. ಆತುರದಲ್ಲಿ ನೋಡಿದೆ ಮೇಡಂ, ಗಮನಕ್ಕೆ ಬರಲಿಲ್ಲ ಎಂದೆ. ಅಷ್ಟು ಸರಾಗವಾಗಿ ಸುಳ್ಳು ಬಂತು.

ಇನ್‌ಸ್ಪೆಕ್ಟರ್ ಬೈಯಲಿಲ್ಲ. ಕಥೆ ಚೆನ್ನಾಗಿದೆ, ಚೆನ್ನಾಗಿರುವುದರಿಂದಲೇ ಅದರ ತಪ್ಪು ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ ಎಂದರು. ಶಿಕ್ಷಕರು ಬರೆದ ಪಾಠದ ಕಥೆಗಳನ್ನು ಸೇರಿಸಿ ಪುಸ್ತಕ ಮಾಡುವ ಆಲೋಚನೆಯಿದೆ, ತಿದ್ದಿ ತಿಂಗಳೊಳಗೆ ಕಳಿಸಿಕೊಡಿ ಎಂದು ಹೇಳಿ ಹೊರಟರು. ಅಲ್ಲೂ ನನಗೆ ಚುಚ್ಚಿದ್ದು ಆ ಪುಸ್ತಕವೇ. ತಪ್ಪು ಸಿಕ್ಕರೂ ಕನ್ನಡದ ಮಿಸ್‌ಗೇ ಮಾನ!

ಸಂಜೆ ಮಗಳು ಮನೆಗೆ ಬಂದು ಬ್ಯಾಗ್ ಮೂಲೆಗಿಟ್ಟು, ಹಾಲು ಕುಡಿಯದೆ ಮೆಟ್ಟಿಲ ಮೇಲೆ ಕೂತಳು. ನಾವು ನಾಲ್ಕನೇ ಟಿ ಬ್ಲಾಕಿನಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ನಾನು ಹೋಗಿ ಅವಳ ಪಕ್ಕ ಕೂತೆ. ನಾಳೆ ಎಲ್ಲರೂ ನನ್ನನ್ನ ಕುದಿಯೋ ಸೀರೆ ಅಂತ ಕರೀತಾರೆ ಎಂದಳು. ನಾಲ್ಕು ದಿನಕ್ಕೆ ಮರೆತುಬಿಡುತ್ತಾರೆ ಎಂದೆ. ಅವಳು ನನ್ನ ಕಡೆ ತಿರುಗಿ, ಅಮ್ಮಾ ನೀನು ಅದನ್ನ ಓದಿದ್ದೆಯಲ್ಲ, ನಿನಗೂ ಗೊತ್ತಾಗಲಿಲ್ಲವಾ ಎಂದಳು.

ಅವಳಿಗೂ ಆತುರದ ಸುಳ್ಳನ್ನೇ ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ನನ್ನನ್ನು ಸಿಕ್ಕಿಸಲು ಅಲ್ಲ. ಅಮ್ಮನಿಗೂ ಗೊತ್ತಿಲ್ಲದ ವಿಷಯ ತನಗೆ ಗೊತ್ತಿಲ್ಲದಿದ್ದರೆ ಅವಮಾನವಿಲ್ಲ ಎಂಬ ಸಮಾಧಾನಕ್ಕೆ ಕೇಳಿದ್ದಳು.

“ಗೊತ್ತಿತ್ತು ಕಣೇ.”

“ಮತ್ತೆ?”

“ಬೇಕು ಅಂತಲೇ ಹೇಳಲಿಲ್ಲ.”

ಯಾಕೆ ಎಂದು ಅವಳು ಕೇಳಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಅದು ತಿಳಿಯುತ್ತದೆಂದು ನನಗೆ ಆ ದಿನ ಗೊತ್ತಾಯಿತು. ಎದ್ದು ಒಳಗೆ ಹೋಗುತ್ತಾ ಬಾಗಿಲಲ್ಲಿ ನಿಂತು, ಅದನ್ನ ಮಿಸ್‌ಗೆ ಹೇಳು ಎಂದಳು. ರಾತ್ರಿ ಊಟಕ್ಕೆ ಅವಳ ಅಪ್ಪನ ಪಕ್ಕ ಕೂತಳು.

ಮಾರನೆಯ ದಿನ ಕೊನೆಯ ಪೀರಿಯಡ್ ಮುಗಿದ ಮೇಲೆ ಕನ್ನಡದ ಮಿಸ್ ಗೋಡೆ ಪತ್ರಿಕೆಯಿಂದ ಹಾಳೆಗಳನ್ನು ಬಿಚ್ಚುತ್ತಿದ್ದರು. ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಹೇಗೆ ಶುರು ಮಾಡಬೇಕೆಂದು ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

“ನಾನು ಆತುರದಲ್ಲಿ ನೋಡಿದ್ದಲ್ಲ. ಚೆನ್ನಾಗಿಯೇ ಓದಿದೆ. ತಪ್ಪು ಅಂತ ಗೊತ್ತಿದ್ದೂ ಸರಿ ಅಂತ ಬರೆದೆ.”

ಅವರ ಕೈ ನಿಂತಿತು. “ಯಾಕೆ ಮಿಸ್?”

“ಹೊಟ್ಟೆಕಿಚ್ಚು,” ಎಂದೆ. ಬೇರೆ ಪದ ಇರಲಿಲ್ಲ.

ಅವರು ಉಳಿದ ಪಿನ್ನುಗಳನ್ನು ತೆಗೆದರು, ಹಾಳೆ ಸುತ್ತಿದರು, ಡಬ್ಬಿಯ ಮುಚ್ಚಳ ಒತ್ತಿದರು, ಬಸ್ಸಿಗೆ ಹೊರಟುಹೋದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಕಾಫಿ ಬಂದಾಗ ನನ್ನ ಲೋಟವನ್ನು ನನ್ನ ಮುಂದೆ ಸರಿಸಿ, ತಮ್ಮದನ್ನು ತೆಗೆದುಕೊಂಡು ಹೊರಗೆ ಹೋಗುತ್ತಿದ್ದರು.

ನಾಲ್ಕನೇ ದಿನ ಬಂದು ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟರು.

“ತಪ್ಪು ಎಲ್ಲೆಲ್ಲಿದೆಯೋ ಎಲ್ಲಾ ಹೇಳಿ. ಒಂದನ್ನೂ ಬಿಡಬೇಡಿ. ಆಮೇಲೆ ಇನ್ನೊಂದು ಮಾತು ಮಿಸ್. ಕುದಿಯೋದನ್ನ ನಾನು ಎಲ್ಲಿಂದಲೋ ತಂದಿದ್ದಲ್ಲ. ನಿಮ್ಮ ಕ್ಲಾಸಲ್ಲಿ ಕೂತು ನೋಡಿ ಬರೆದೆ. ಕೆಟಲ್ ಸಮುದ್ರ ಅಂದ್ರಿ. ಕೆಟಲ್ ಕುದೀತಾ ಇತ್ತು.”

ಅವರು ಹೇಳಿದ್ದು ನಿಜ. ಒಂಬತ್ತು ವರ್ಷದಿಂದ ಪ್ರತಿ ಮಗುವಿಗೂ ನಾನು ಕುದಿಯುವ ಸಮುದ್ರವನ್ನೇ ತೋರಿಸಿದ್ದೆ. ಬೇಗ ಹನಿ ಬೀಳಲೆಂದು, ನಲವತ್ತು ನಿಮಿಷದಲ್ಲಿ ಪಾಠ ಮುಗಿಯಲೆಂದು. ಬೋರ್ಡಿನ ಮೇಲೆ ಬರೆಸಿದ್ದು ಸರಿಯಿತ್ತು. ಆದರೆ ಮಕ್ಕಳು ನಂಬಿದ್ದು ಕಣ್ಣಿಗೆ ಕಂಡದ್ದನ್ನು. ಹಿಂದಿನ ವರ್ಷಗಳ ಮಕ್ಕಳನ್ನು ಯಾರೂ ಸೀರೆಯ ಪ್ರಶ್ನೆ ಕೇಳಿರಲಿಲ್ಲ, ಅಷ್ಟೇ.

ಆ ವಾರ ನಾನು ಏಳನೇ ತರಗತಿಗೆ ಪಾಠವನ್ನು ಮತ್ತೆ ಮಾಡಿದೆ. ಈ ಸಲ ಸ್ಟವ್ ಹಚ್ಚಲಿಲ್ಲ. ಬೆಳಗ್ಗೆ ಹತ್ತೂವರೆಗೆ ಅಂಗಳದ ಸಿಮೆಂಟಿನ ಮೇಲೆ ಒಂದು ಚೊಂಬು ನೀರು ಸುರಿದು, ಮಗಳ ಕೈಗೆ ಸೀಮೆಸುಣ್ಣ ಕೊಟ್ಟು, ನೀರಿನ ಅಂಚಿನ ಸುತ್ತ ಗೆರೆ ಎಳೆಸಿದೆ. ಹನ್ನೊಂದೂವರೆಗೆ ನೋಡಿದರೆ ನೀರು ಗೆರೆಯಿಂದ ಗೇಣುದ್ದ ಒಳಗೆ ಸರಿದಿತ್ತು. ಇನ್ನೊಂದು ಗೆರೆ. ಮಧ್ಯಾಹ್ನಕ್ಕೆ ಮತ್ತೊಂದು. ಮಕ್ಕಳು ಬೆರಳು ಅದ್ದಿ ನೋಡಿದರು. ನೀರು ಉಗುರುಬೆಚ್ಚಗಿತ್ತು, ಕುದಿಯುತ್ತಿರಲಿಲ್ಲ. ಕೊನೆಗೆ ಒಂದರೊಳಗೊಂದು ಬಿಳಿ ಗೆರೆಗಳು ಮಾತ್ರ ಉಳಿದವು. ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಸೋಡಾ ಅಂಗಡಿಯಿಂದ ಐಸ್ ತರಿಸಿ ಸ್ಟೀಲ್ ಲೋಟಕ್ಕೆ ಹಾಕಿದೆ. ಲೋಟದ ಹೊರಮೈ ಬೆವರಿತು. ಲೋಟ ಸೋರುತ್ತಿದೆ ಎಂದ ಒಬ್ಬ ಹುಡುಗ. ಒರೆಸಿ ನೋಡು ಎಂದೆ. ಒರೆಸಿದಷ್ಟೂ ಮತ್ತೆ ಬಂತು. ಕಣ್ಣಿಗೆ ಕಾಣದೆ ಗಾಳಿಯಲ್ಲಿದ್ದ ನೀರಿನ ಆವಿಯೇ ತಣ್ಣಗಿನ ಲೋಟ ಮುಟ್ಟಿ ಹನಿಯಾಗುತ್ತಿದೆ ಎಂಬುದನ್ನು ಹೇಳಿದವಳು ನಾನಲ್ಲ, ಮಗಳ ಪಕ್ಕದ ಹುಡುಗಿ. ತರಗತಿಯಲ್ಲಿ ಅಂದು ಗಲಾಟೆಯೋ ಗಲಾಟೆ.

ಮಧ್ಯಾಹ್ನಗಳಲ್ಲಿ ನಾನೂ ಕನ್ನಡದ ಮಿಸ್ಸೂ ಕಥೆಯ ಮೇಲೆ ಕೂತೆವು. ಅವರು ಕೇಳುತ್ತಿದ್ದದ್ದಕ್ಕೆ ಉತ್ತರ, ಹೆಚ್ಚಿಲ್ಲ ಕಡಿಮೆಯಿಲ್ಲ. ಮೇಲೆ ಹೋದಷ್ಟೂ ಸೂರ್ಯ ಹತ್ತಿರವಾಗಿ ಸೆಕೆಯಾಗುತ್ತದಲ್ಲವೇ ಎಂದರು. ಇಲ್ಲ, ಗಾಳಿ ಮೇಲೇರಿದಂತೆ ಹಿಗ್ಗಿ ತಣ್ಣಗಾಗುತ್ತದೆ, ಅದಕ್ಕೇ ಅಲ್ಲಿ ಆವಿ ಮತ್ತೆ ನೀರಾಗುತ್ತದೆ ಎಂದೆ. ಸಾಂದ್ರವಾಗಲು ಗಾಳಿಯಲ್ಲಿ ತೇಲುವ ಧೂಳಿನ ಕಣವೊಂದು ಆಧಾರವಾಗಿ ಸಿಗಬೇಕು ಎಂದೆ. ಮೋಡ ಅಂದರೆ ಆವಿಯಲ್ಲ, ಆವಿ ಕಾಣುವುದೇ ಇಲ್ಲ. ಮೋಡ ಅಂದರೆ ತೀರ ಸಣ್ಣ ಹನಿಗಳ ಗುಂಪು. ಅಂಥ ಲಕ್ಷಾಂತರ ಸಣ್ಣ ಹನಿಗಳು ಕೂಡಿದರೆ ಒಂದು ಮಳೆಹನಿ. ಅವರು ಎಲ್ಲ ಬರೆದುಕೊಂಡರು.

ಆಮೇಲೆ ನಾನು ಇನ್ನೊಂದು ಮಾತು ಹೇಳಿದೆ. ಹೇಳಲೇಬೇಕಾದ ಮಾತು ಅದು, ನಿಜ. ಆದರೆ ಹೇಳುವಾಗ ನನ್ನೊಳಗೆ ಸಣ್ಣದೊಂದು ಖುಷಿಯಿತ್ತು, ಅದೂ ನಿಜ.

“ನಿಮ್ಮ ಹನಿ ಹನಿಯಾಗಿ ಮೇಲೆ ಹೋಗೋಕೆ ಆಗಲ್ಲ. ಆವಿಯಾಗೋದು ಅಂದ್ರೆ ಕಣಕಣವಾಗಿ ಚದುರಿಹೋಗೋದು. ಆ ಕಣಗಳು ಮತ್ತೆ ಒಂದೇ ಕಡೆ ಸೇರಿ ಅದೇ ಹನಿಯಾಗಿ ಬೀಳಲ್ಲ. ಕೆರೇಲಿದ್ದ ಹನಿ ಬೇರೆ, ಹುಡುಗಿ ಮೂಗಿನ ಮೇಲೆ ಬಿದ್ದ ಹನಿ ಬೇರೆ.”

“ಹಾಗಾದ್ರೆ ಕಥೆ ಯಾರದು?”

ನಾನು ಭುಜ ಹಾರಿಸಿದೆ. ಅವರು ಪೆನ್ನು ಕೆಳಗಿಟ್ಟರು. ಒಂದು ಹನಿಯ ಪ್ರಯಾಣ ಎಂದು ಶುರುವಾದ ಕಥೆಯಲ್ಲಿ ಹನಿಯೇ ಇಲ್ಲವಾದರೆ ಉಳಿಯುವುದೇನು? ಅವರು ಹಾಳೆಗಳನ್ನು ಫೈಲಿಗೆ ಸೇರಿಸಿ ಬಸ್ಸಿಗೆ ಹೋದರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನನ್ನ ಮೇಲೆ ಯಾರೂ ತಪ್ಪು ಹೊರಿಸುವಂತಿರಲಿಲ್ಲ. ಎಲ್ಲವನ್ನೂ ಹೇಳಿ ಎಂದವರು ಅವರೇ.

ಸೋಮವಾರ ಹೊಸ ಕಥೆ ತಂದರು. ಎಮ್ಮೆಯ ಕಿವಿ ಹಾಗೇ ಇತ್ತು. ದಡದ ಕಲ್ಲಿನ ಮೇಲೆ ಬಿದ್ದ ಹನಿ ಬೆಚ್ಚಗಾಗುತ್ತಾ ತೆಳ್ಳಗಾಗುತ್ತಾ ಹೋಗುತ್ತದೆ. ಅಲ್ಲಿಯವರೆಗೆ ‘ನಾನು’ ಎಂದು ಮಾತಾಡುತ್ತಿದ್ದ ಹನಿ, ಕೊನೆಯ ಒದ್ದೆ ಚುಕ್ಕೆ ಆರಿದ ಮುಂದಿನ ಸಾಲಿನಿಂದ ‘ನಾವು’ ಎನ್ನತೊಡಗುತ್ತದೆ. ‘ಈಗ ನಾವು ಎಷ್ಟೋ ಮಂದಿ. ಯಾರಿಗೂ ಕಾಣುವುದಿಲ್ಲ.’ ಅವರಲ್ಲಿ ಕೆಲವರು ಬೆಳಗಿನ ಜಾವ ರಾಗಿ ಗರಿಯ ಮೇಲೆ ಇಬ್ಬನಿಯಾಗಿ ಇಳಿಯುತ್ತಾರೆ. ಕೆಲವರು ಮೇಲೇರಿ, ಚಳಿಯಾಗಿ, ಸಮುದ್ರದ ಕಡೆಯಿಂದ ಬಂದವರ ಜೊತೆ ಒಂದು ಧೂಳಿನ ಕಣವನ್ನು ತಬ್ಬಿಕೊಳ್ಳುತ್ತಾರೆ. ಸಮುದ್ರದವರು ತಮ್ಮ ಉಪ್ಪನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಮಳೆಯಾದ ಮೇಲೆ ಒಬ್ಬರು ಪುಟ್ಟೇನಹಳ್ಳಿ ಕೆರೆಗೆ, ಒಬ್ಬರು ಕೋಣನಕುಂಟೆಯ ಬಾವಿಯ ಒರತೆಗೆ, ಒಬ್ಬರು ಹುಣಸೆಮರದ ಬೇರಿಗೆ ಇಳಿದು ಎಲೆಯಿಂದ ಮತ್ತೆ ಗಾಳಿಗೆ. ಹುಡುಗಿಯ ಮೂಗಿನ ಮೇಲಿನ ಹನಿಯಲ್ಲಿ ಆ ಮೊದಲಿನ ಹನಿಯವರು ಒಬ್ಬರೋ ಇಬ್ಬರೋ ಇದ್ದಾರೆ. ಉಳಿದವರೆಲ್ಲ ಎಲ್ಲೆಲ್ಲಿಂದಲೋ ಬಂದವರು.

ಓದಿ ಮುಗಿಸಿ ಹಾಳೆ ಕೆಳಗಿಟ್ಟಾಗ ನನಗೆ ಆದದ್ದು ಸಂತೋಷವಲ್ಲ. ಮೊದಲ ಕಥೆಗೆ ಪಟ್ಟ ಹೊಟ್ಟೆಕಿಚ್ಚು ಇದರ ಮುಂದೆ ಏನೇನೂ ಅಲ್ಲ. ಆಗ ಅವರಿಗೆ ನನಗಿಲ್ಲದ ಮಾತುಗಾರಿಕೆ ಇದೆ ಎಂದು ಉರಿದಿದ್ದೆ. ಈಗ ಅವರು ಕಥೆ ಕಟ್ಟಿದ್ದು ನನ್ನ ಸರಕಿನಿಂದ. ಹನಿ ಚದುರುತ್ತದೆ ಎಂಬುದು ನನಗೆ ಅಷ್ಟು ವರ್ಷದಿಂದ ಗೊತ್ತಿತ್ತು. ಅದನ್ನು ಅವರ ಕಥೆ ಕೆಡಿಸಲು ಬಳಸಿದೆನೇ ಹೊರತು, ಅದರಲ್ಲೇ ಕಥೆಯಿದೆ ಎಂದು ನನಗೆ ಒಮ್ಮೆಯೂ ಕಂಡಿರಲಿಲ್ಲ.

ತಪ್ಪಿದೆಯಾ ಎಂದು ಕೇಳಿದರು. ಮತ್ತೊಮ್ಮೆ ನಿಧಾನವಾಗಿ ಓದಿದೆ. ಕೆಂಪು ಪೆನ್ನು ಕೈಯಲ್ಲಿತ್ತು. ಒಂದು ಕಡೆ ‘ಕಲ್ಲಿನಿಂದ ಬೆಳ್ಳಗೆ ಹಬೆ ಎದ್ದಿತು’ ಎಂದಿತ್ತು. ಬೆಳ್ಳಗೆ ಕಂಡರೆ ಅದು ಆಗಲೇ ಸಣ್ಣ ಹನಿಗಳಾಗಿದೆ, ಆವಿ ಕಾಣುವುದಿಲ್ಲ ಎಂದು ಹೊಡೆದುಹಾಕಿದೆ. ಇನ್ನೇನೂ ಸಿಗಲಿಲ್ಲ. ಸಿಗಲಿ ಎಂದು ಹುಡುಕಿದ್ದೆ.

“ಇನ್ನು ಸರಿಯಿದೆ. ಚೆನ್ನಾಗಿದೆ,” ಎಂದೆ. ಎರಡನೆಯ ಮಾತು ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು.

ನಾನು ತಪ್ಪೊಪ್ಪಿಕೊಂಡ ದಿನದ ನಂತರ ಅವರು ಮೊದಲ ಸಲ ನನ್ನ ಮುಖ ನೋಡಿದರು. ನಿಮ್ಮ ಹೆಸರನ್ನೂ ಸೇರಿಸುತ್ತೇನೆ ಎಂದರು. ಬೇಡ ಎಂದೆ. ಬೇಡ ಅನ್ನಬೇಡಿ ಮಿಸ್, ನಾನು ಇದನ್ನ ನಿಮ್ಮ ಸಂತೋಷಕ್ಕೆ ಮಾಡುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ ಎಂದು ಎರಡೂ ಹೆಸರು ಬರೆದು ಲಕೋಟೆಗೆ ಹಾಕಿದರು. ಆ ಮೇಲೆ ನಮ್ಮ ನಡುವೆ ಮಾತು ಮೊದಲಿನ ಹಾಗೆ ಆಯಿತು ಎಂದು ಹೇಳಲಾರೆ. ಕಾಫಿಯನ್ನು ಒಂದೇ ಮೇಜಿನಲ್ಲಿ ಕುಡಿಯತೊಡಗಿದೆವು.

ಮಾರನೆಯ ವರ್ಷ ಜುಲೈನಲ್ಲಿ ಪುಸ್ತಕ ಬಂತು. ತೆಳ್ಳಗಿನ ಕಾಗದ, ಮಸುಕು ಅಚ್ಚು. ಕಥೆಯ ಕೆಳಗೆ ಅವರದೊಂದೇ ಹೆಸರಿತ್ತು. ಎಲ್ಲಿ ಬಿಟ್ಟುಹೋಯಿತೋ ಗೊತ್ತಿಲ್ಲ. ಅವರಿಗೆ ನಿಜಕ್ಕೂ ಬೇಜಾರಾಯಿತು. ಪತ್ರ ಬರೆಯುತ್ತೇನೆ ಎಂದರು. ಬಿಡಿ, ಅಚ್ಚಾಗಿಹೋಗಿದೆ ಎಂದೆ. ಹೆಸರಿಲ್ಲದ್ದು ನ್ಯಾಯವೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಮನೆಗೆ ನಡೆದು ಹೋಗುವ ದಾರಿಯುದ್ದಕ್ಕೂ ಆ ಒಂದು ಸಾಲು ಕಣ್ಣ ಮುಂದೆ ಇತ್ತು.

ಆಗ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು. ಒಂದು ಪ್ರತಿ ತೆಗೆದುಕೊಂಡು, ಸಂಜೆ ನಮ್ಮ ಶಾಲೆಗೆ ಬಂದು, ಆ ಮಿಸ್ ಕೈಯಲ್ಲಿ ಅದರ ಮೇಲೆ ರುಜು ಹಾಕಿಸಿಕೊಂಡಳು. ಮನೆಗೆ ತಂದು ನನಗೆ ತೋರಿಸಿದಳು. ದುಂಡಗಿನ, ಒಂದೂ ಚಿತ್ತಿಲ್ಲದ ಅಕ್ಷರ. ಚುಚ್ಚಿತು. ಚುಚ್ಚಿದ್ದು ಅವಳಿಗೂ ಕಂಡಿರಬೇಕು. ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದಳು. ಇರು, ಕಾಗದ ತೆಳ್ಳಗಿದೆ, ನಾಲ್ಕು ದಿನಕ್ಕೆ ಹರಿದುಹೋಗುತ್ತೆ ಎಂದೆ. ಬೀರುವಿನ ಮೇಲಿಂದ ಕಂದು ಕಾಗದದ ಸುರುಳಿ ಇಳಿಸಿ, ಅಳತೆಗೆ ಕತ್ತರಿಸಿ, ಮೂಲೆಗಳನ್ನು ಬಿಗಿಯಾಗಿ ಮಡಿಸಿ ರಟ್ಟು ಹಾಕಿದೆ. ಅವಳು ಅಂಟಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು.